ಪ್ಯಾಕರ್ಸ್ ಆ್ಯಂಡ್ ಮೂವರ್ಸ್ ಚೆಕ್‌ಲಿಸ್ಟ್ ವಿಡಿಯೋಗೆ ಕ್ಯಾಪ್ಷನ್ ಬರೆಯೋದು ಹೇಗೆ?

ಮನೆ ಶಿಫ್ಟಿಂಗ್ ಕೆಲಸ ಮಾಡುವ ಗಾಡಿ ಮಾಲೀಕರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ವಿಡಿಯೋ ಚೆನ್ನಾಗಿ ಓಡ್ತಾ ಇದೆ ಸರ್, ಆದ್ರೆ ಬರೋ ಫೋನೆಲ್ಲ ಸುಮ್ನೆ ಟೈಮ್ ವೇಸ್ಟ್. ಕೆಳಗಡೆ ಏನು ಬರೀಬೇಕು?"

ವಿಡಿಯೋ ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಬಬಲ್ ಶೀಟ್ ಸುತ್ತುವುದು, ರಟ್ಟಿನ ಡಬ್ಬಕ್ಕೆ ಟೇಪ್ ಹಾಕುವುದು, ಗಾಡಿ ಬಾಗಿಲು ಮುಚ್ಚುವುದು, ಜೊತೆಗೆ "ಶಿಫ್ಟಿಂಗ್‌ಗೆ ಮೊದಲು ಇಷ್ಟು ಮಾಡಿ" ಅನ್ನುವ ಚೆಕ್‌ಲಿಸ್ಟ್. ನಿಮ್ಮ ಫೋನಿಗೆ ಎಂಥ ಗಿರಾಕಿ ಬರುತ್ತಾರೆ ಅನ್ನುವುದು ಮಾತ್ರ ಕೆಳಗಿರುವ ಬರಹದ ಮೇಲೆ ನಿಂತಿದೆ. ಅದನ್ನೇ ಕ್ಯಾಪ್ಷನ್ ಅನ್ನೋದು. ಯೂಟ್ಯೂಬಿನಲ್ಲಿ ಅದಕ್ಕೆ ಡಿಸ್ಕ್ರಿಪ್ಷನ್ ಅಂತಾರೆ. ನೀವು ಫೋನಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನು ಅದು ನಿಮ್ಮ ಪರವಾಗಿ ಮೊದಲೇ ಹೇಳಿಬಿಡಬೇಕು.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಬೆಂಗಳೂರಿನ ರಾಜಾಜಿನಗರದಲ್ಲಿ ಎರಡು ಗಾಡಿ ಇರುವ ಒಬ್ಬ ಮಾಲೀಕರು. ಒಂದು ಟಾಟಾ ಏಸ್, ಒಂದು 407. ಕೆಲಸಕ್ಕೆ ಐದು ಜನ. ಊರೊಳಗಿನ ಶಿಫ್ಟಿಂಗ್ ಜಾಸ್ತಿ, ತಿಂಗಳಿಗೆ ನಾಲ್ಕೈದು ಸಲ ದಾವಣಗೆರೆ, ಹುಬ್ಬಳ್ಳಿ ಕಡೆಗೆ ಟ್ರಿಪ್.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದದ್ದು

ಕಳೆದ ಇಪ್ಪತ್ತು ಫೋನ್ ಕರೆಗಳ ನೆನಪು ಬೇಕು. ಒಂದು ಹಾಳೆಯಲ್ಲಿ ಬರೆಯಿರಿ: ಎಲ್ಲಿಂದ ಕರೆ ಬಂತು, ಏನು ಕೇಳಿದರು, ಯಾಕೆ ಕೆಲಸ ಕುದುರಲಿಲ್ಲ. ನಮ್ಮ ಮಾಲೀಕರು ಬರೆದಾಗ ಕುದುರದ ಕರೆಗಳು ಮೂರೇ ಥರ ಕಂಡವು. ಅವರು ಹೋಗದ ಊರಿನಿಂದ ಬಂದದ್ದು, ಏನೂ ಹೇಳದೆ "ರೇಟ್ ಎಷ್ಟು" ಅಂತ ಕೇಳಿ ಇಟ್ಟದ್ದು, ಮತ್ತು ಗಾಡಿ ಬೇರೆ ಕಡೆ ಹೋಗಿರುವ ದಿನಕ್ಕೆ ಕೇಳಿದ್ದು. ಕ್ಯಾಪ್ಷನ್ ಮಾಡಬೇಕಾದ ಕೆಲಸ ಈ ಮೂರನ್ನು ಕಡಿಮೆ ಮಾಡುವುದು.

ಇದರ ಜೊತೆ ನಿಮ್ಮ ಜಿಎಸ್‌ಟಿ ನಂಬರ್ ಇದ್ದರೆ ಅದು, ಗಾಡಿಗಳ ಪರ್ಮಿಟ್ ಎಲ್ಲಿಯವರೆಗಿದೆ ಅನ್ನುವ ಮಾಹಿತಿ, ಮತ್ತು ವಾಟ್ಸಾಪ್ ಇರುವ ಒಂದು ನಂಬರ್. ಒಂದೇ ನಂಬರ್. ಕಾರಣ ಮುಂದೆ ಹೇಳುತ್ತೇನೆ.

ಹಂತ 1: ಹೋಗುವ ಊರುಗಳನ್ನು ಮೂರು ಸುತ್ತಾಗಿ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. "ಆಲ್ ಓವರ್ ಇಂಡಿಯಾ ಸರ್ವಿಸ್" ಅಂತ ಒಂದೇ ಸಾಲು ಬರೆದು ಮುಗಿಸುತ್ತಾರೆ. ನಾನೂ ಮೊದಮೊದಲು ಹಾಗೇ ಬರೆದುಕೊಟ್ಟಿದ್ದೆ. ರಾತ್ರಿ ಹತ್ತು ಗಂಟೆಗೆ ಯಾವುದೋ ದೂರದ ರಾಜ್ಯದಿಂದ ಹಿಂದಿಯಲ್ಲಿ ಫೋನ್ ಬರುತ್ತಿತ್ತು, ಪಕ್ಕದ ವಿಜಯನಗರದವರು ಮಾತ್ರ ಬರುತ್ತಿರಲಿಲ್ಲ. ಅವರು ಹುಡುಕುವುದು "ವಿಜಯನಗರ ಪ್ಯಾಕರ್ಸ್" ಅಂತ. ನನ್ನ ಸಾಲಿನಲ್ಲಿ ಆ ಹೆಸರೇ ಇರಲಿಲ್ಲ.

ಮೊದಲ ಸುತ್ತು ನಿಮ್ಮ ಗಾಡಿ ಬೆಳಗ್ಗೆ ಹೊರಟು ಸಂಜೆಗೆ ಶೆಡ್ಡಿಗೆ ಬರುವ ಬಡಾವಣೆಗಳು. ಇವನ್ನು ಒಂದೊಂದಾಗಿ ಹೆಸರಿಸಿ: ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ನಾಗರಭಾವಿ, ಮಲ್ಲೇಶ್ವರ, ಯಶವಂತಪುರ, ಕೆಂಗೇರಿ. ಎಂಟು ಹತ್ತು ಹೆಸರು ಸಾಕು. ವೈಟ್‌ಫೀಲ್ಡಿಗೆ ಹೋಗಿ ಲೋಡ್ ಮಾಡಿ ಬರುವಷ್ಟರಲ್ಲಿ ಟ್ರಾಫಿಕ್ಕಿನಲ್ಲೇ ಅರ್ಧ ದಿನ ಹೋಗುತ್ತದೆ ಅಂತಾದರೆ ಆ ಹೆಸರು ಹಾಕಬೇಡಿ.

ಎರಡನೇ ಸುತ್ತು ನಿಮ್ಮದೇ ಗಾಡಿ ಹೊರ ಊರಿಗೆ ಹೋಗುವ ದಾರಿ. ಇಲ್ಲಿ ಊರುಗಳನ್ನು ಅಕ್ಷರದ ಕ್ರಮದಲ್ಲಿ ಬರೆಯುವ ಬದಲು ರಸ್ತೆಯ ಕ್ರಮದಲ್ಲಿ ಬರೆಯಿರಿ: ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ. ಇದಕ್ಕೆ ಲೆಕ್ಕಾಚಾರ ಇದೆ. ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್ ಸಾಮಾನು ತಗೊಂಡು ಹೋದ ಗಾಡಿ ಖಾಲಿ ವಾಪಸ್ ಬಂದರೆ ಆ ಡೀಸೆಲ್ ದುಡ್ಡು ನಿಮ್ಮ ಜೇಬಿನದ್ದು. ಬರುವಾಗ ದಾವಣಗೆರೆಯಿಂದ ಬೆಂಗಳೂರಿಗೆ ಒಂದು ಮನೆ ಸಿಕ್ಕರೆ ಅದೇ ರಿಟರ್ನ್ ಲೋಡ್. ಅಂಥ ಗಿರಾಕಿಗೆ ನೀವು ಕಡಿಮೆ ದರ ಹೇಳಬಹುದು, ಆದರೂ ನಿಮಗೆ ಲಾಭವೇ. ಹಾಗಾಗಿ "ಈ ದಾರಿಯ ಊರುಗಳಿಂದ ಬೆಂಗಳೂರಿಗೆ ಬರುವವರೂ ಕೇಳಿ" ಅಂತ ಒಂದು ಸಾಲು ತಪ್ಪದೆ ಇರಲಿ.

ಮೂರನೇ ಸುತ್ತು ನಿಮ್ಮ ಗಾಡಿ ಹೋಗದ, ಬೇರೆ ಟ್ರಾನ್ಸ್‌ಪೋರ್ಟಿನವರ ಮೂಲಕ ಕಳಿಸುವ ಊರುಗಳು. ಇದು ಸಾಮಾನ್ಯವಾಗಿ ಪಾರ್ಟ್ ಲೋಡ್ ಆಗಿರುತ್ತದೆ. ಅಂದರೆ ಒಂದೇ ಲಾರಿಯಲ್ಲಿ ನಾಲ್ಕೈದು ಮನೆಯವರ ಸಾಮಾನು ಹೋಗುತ್ತದೆ, ನಡುವೆ ಗೋಡೌನಿನಲ್ಲಿ ಇಳಿಸಿ ಮತ್ತೆ ಹತ್ತಿಸುತ್ತಾರೆ. ಪ್ರತಿ ಸಲ ಇಳಿಸಿ ಹತ್ತಿಸಿದಾಗ ಒಡೆಯುವ, ಅದಲುಬದಲಾಗುವ ಅಪಾಯ ಜಾಸ್ತಿ, ದಿನವೂ ಜಾಸ್ತಿ ಹಿಡಿಯುತ್ತದೆ. ಇದನ್ನು ಮುಚ್ಚಿಟ್ಟರೆ ಮುಂದೆ ಜಗಳ ಖಾಯಂ. "ಪುಣೆ, ಮುಂಬೈ, ಹೈದರಾಬಾದ್: ಪಾರ್ಟ್ ಲೋಡ್ ಮಾತ್ರ, ದಿನ ಮುಂಚೆ ಹೇಳುತ್ತೇವೆ" ಅಂತ ಬರೆದರೆ ಗಿರಾಕಿಗೂ ಸ್ಪಷ್ಟ, ನಿಮಗೂ ನಿರಾಳ. 407ಕ್ಕೆ ರಾಜ್ಯದೊಳಗಿನ ಪರ್ಮಿಟ್ ಮಾತ್ರ ಇದ್ದರೆ ಹೊರರಾಜ್ಯದ ಊರುಗಳನ್ನು ಎರಡನೇ ಸುತ್ತಿಗೆ ಸೇರಿಸಲೇಬೇಡಿ.

ಹಂತ 2: ಮೊದಲ ಎರಡು ಸಾಲು

ಇನ್‌ಸ್ಟಾಗ್ರಾಮಿನಲ್ಲಿ ಕ್ಯಾಪ್ಷನ್ 2,200 ಅಕ್ಷರದವರೆಗೆ ಬರೆಯಬಹುದು. ಆದರೆ ಮುಟ್ಟಿ ತೆರೆಯದೆ ಕಾಣುವುದು ಮೊದಲ ಒಂದೆರಡು ಸಾಲು ಅಷ್ಟೇ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಒತ್ತು, ಗುಣಿತದ ಗುರುತುಗಳನ್ನೂ ಯಂತ್ರ ಬೇರೆ ಬೇರೆ ಅಕ್ಷರ ಅಂತಲೇ ಎಣಿಸುತ್ತದೆ. "ಕನ್ನಡ" ನಮ್ಮ ಕಣ್ಣಿಗೆ ಮೂರಕ್ಷರ, ಅದರ ಲೆಕ್ಕದಲ್ಲಿ ಐದು. ಹಾಗಾಗಿ ಜಾಗ ನೀವು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯುತ್ತದೆ.

ಆ ಎರಡು ಸಾಲನ್ನು "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ" ಅನ್ನುವುದಕ್ಕೆ ಕಳೆಯಬೇಡಿ. ಮೊದಲ ಸಾಲಿನಲ್ಲಿ ಯಾರಿಗೆ, ಯಾವ ಊರು. ಎರಡನೆಯದರಲ್ಲಿ ಏನು ಕಳಿಸಿದರೆ ಏನು ಸಿಗುತ್ತದೆ. ಹೀಗೆ:

> ರಾಜಾಜಿನಗರ, ವಿಜಯನಗರ ಸುತ್ತ ಮನೆ ಶಿಫ್ಟ್ ಮಾಡ್ತಿದ್ದೀರಾ?
> ಸಾಮಾನಿನ ವಿಡಿಯೋ ವಾಟ್ಸಾಪ್ ಮಾಡಿ, ರೇಟ್ ಹೇಳ್ತೀವಿ.

ಯೂಟ್ಯೂಬಿನಲ್ಲಿ ಟೈಟಲ್‌ಗೆ 100 ಅಕ್ಷರ, ಡಿಸ್ಕ್ರಿಪ್ಷನ್‌ಗೆ 5,000 ಅಕ್ಷರ ಸಿಗುತ್ತದೆ. ಅಲ್ಲಿ ಊರಿನ ಹೆಸರು ಟೈಟಲ್‌ನಲ್ಲೇ ಬರಲಿ.

ಹಂತ 3: ಚೆಕ್‌ಲಿಸ್ಟ್, ಆದರೆ ಗಿರಾಕಿ ಮಾಡಬೇಕಾದದ್ದು ಮಾತ್ರ

ನೀವು ಎಷ್ಟು ಪದರ ಬಬಲ್ ಶೀಟ್ ಸುತ್ತುತ್ತೀರಿ ಅನ್ನುವುದು ವಿಡಿಯೋದಲ್ಲಿ ಕಾಣುತ್ತದೆ. ಅದನ್ನು ಮತ್ತೆ ಬರೆಯುವ ಅಗತ್ಯ ಇಲ್ಲ. ಗಾಡಿ ಬರುವ ಮುಂಚೆ ಮನೆಯವರು ಮಾಡದೆ ಬಿಟ್ಟರೆ ನಿಮ್ಮ ಕೆಲಸ ನಿಲ್ಲುವಂಥದ್ದು ಏನೇನಿದೆ, ಅದನ್ನು ಬರೆಯಿರಿ. ನನ್ನ ಲೆಕ್ಕದಲ್ಲಿ ಇವು ಸಾಕು.

ಫ್ರಿಜ್ಜನ್ನು ಹಿಂದಿನ ದಿನವೇ ಖಾಲಿ ಮಾಡಿ ಆಫ್ ಮಾಡಬೇಕು. ಇಲ್ಲದಿದ್ದರೆ ಐಸ್ ಕರಗಿ ದಾರಿಯಲ್ಲಿ ನೀರು ಸುರಿದು ಪಕ್ಕದ ಡಬ್ಬಗಳು ಒದ್ದೆಯಾಗುತ್ತವೆ. ಒದ್ದೆ ರಟ್ಟು ಭಾರ ಹೊರುವುದಿಲ್ಲ, ತಳ ಕಿತ್ತು ಬರುತ್ತದೆ.

ಫ್ರಂಟ್ ಲೋಡ್ ವಾಷಿಂಗ್ ಮಷೀನಿಗೆ ಟ್ರಾನ್ಸಿಟ್ ಬೋಲ್ಟ್ ಬೇಕು. ಇವು ಮಷೀನ್ ಕೊಂಡಾಗ ಹಿಂಭಾಗದಲ್ಲಿ ಇದ್ದ ಉದ್ದನೆಯ ಬೋಲ್ಟುಗಳು. ಒಳಗಿನ ಡ್ರಮ್ ಅಲುಗಾಡದಂತೆ ಹಿಡಿದಿಡುವುದು ಇವುಗಳ ಕೆಲಸ. ಫಿಟ್ ಮಾಡಲು ಬಂದವರು ಬಿಚ್ಚಿ ಕೊಟ್ಟಿರುತ್ತಾರೆ, ಮನೆಯವರು ಯಾವುದೋ ಡ್ರಾಯರಿನಲ್ಲಿ ಹಾಕಿ ಮರೆತಿರುತ್ತಾರೆ. ಬೋಲ್ಟ್ ಇಲ್ಲದೆ ದೂರದ ಊರಿಗೆ ಹೋದರೆ ಡ್ರಮ್ ಕುಲುಕಿ ಕುಲುಕಿ ಒಳಗಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಾಳಾಗಬಹುದು. ಹೊರಗೆ ಒಂದು ಗೆರೆಯೂ ಬಿದ್ದಿರುವುದಿಲ್ಲ, ಆನ್ ಮಾಡಿದಾಗಲೇ ಧಡಧಡ ಸದ್ದು. ಆಮೇಲೆ ತಪ್ಪು ಯಾರದ್ದು ಅನ್ನುವ ವಾದ. "ಬೋಲ್ಟ್ ಹುಡುಕಿಡಿ" ಅನ್ನುವ ಎರಡು ಪದ ಈ ವಾದವನ್ನು ತಪ್ಪಿಸುತ್ತದೆ.

ಎಸಿ, ಗೀಸರ್, ನೀರಿನ ಫಿಲ್ಟರ್ ಯಾರು ಬಿಚ್ಚುತ್ತಾರೆ ಅಂತ ಮೊದಲೇ ಹೇಳಿ. ನಿಮ್ಮ ಹುಡುಗರಿಗೆ ಎಸಿ ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದು ನಿಲ್ಲಿಸಿ ಬಿಚ್ಚುವುದು ಬಾರದಿದ್ದರೆ ಕೈ ಹಾಕಿಸಬೇಡಿ. "ಎಸಿ ಬಿಚ್ಚುವುದು ಮನೆಯವರ ಮೆಕ್ಯಾನಿಕ್ ಕೆಲಸ" ಅಂತ ನೇರವಾಗಿ ಬರೆಯಿರಿ.

ಗ್ಯಾಸ್ ಸಿಲಿಂಡರನ್ನು ಸಾಮಾನಿನ ಜೊತೆ ಮುಚ್ಚಿದ ಗಾಡಿಯಲ್ಲಿ ಹಾಕಬಾರದು. ಬೇರೆ ಊರಿಗೆ ಹೋಗುವವರು ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ ವೋಚರ್ ಪಡೆಯಬೇಕು. ಹೊಸ ಊರಿನಲ್ಲಿ ಅದನ್ನು ತೋರಿಸಿದರೆ ಕನೆಕ್ಷನ್ ಸಿಗುತ್ತದೆ. ಇದಕ್ಕೆ ಎರಡು ಮೂರು ದಿನ ಮುಂಚೆಯೇ ಓಡಾಡಬೇಕು, ಗಾಡಿ ಬಾಗಿಲಿಗೆ ಬಂದಾಗಲ್ಲ.

ಚಿನ್ನ, ದುಡ್ಡು, ಮನೆ ಪತ್ರ, ಲ್ಯಾಪ್‌ಟಾಪ್ ಗಾಡಿಗೆ ಹಾಕುವಂತಿಲ್ಲ, ಮನೆಯವರೇ ಕೈಯಲ್ಲಿ ತರಬೇಕು. ಉಪ್ಪಿನಕಾಯಿ, ಎಣ್ಣೆ, ಟಾಯ್ಲೆಟ್ ಆ್ಯಸಿಡ್ ಕೂಡ ಅಷ್ಟೇ. ಒಂದು ಉಪ್ಪಿನಕಾಯಿ ಜಾಡಿ ಒಡೆದರೆ ಹಾಸಿಗೆಯ ಗತಿ ಏನಾಗುತ್ತದೆ ಅಂತ ಕಂಡವರಿಗೇ ಗೊತ್ತು.

ಅಪಾರ್ಟ್‌ಮೆಂಟಿನ ಅನುಮತಿ ಇನ್ನೊಂದು. ಅನೇಕ ಕಡೆ ಭಾನುವಾರ ಶಿಫ್ಟಿಂಗ್ ಬಿಡುವುದಿಲ್ಲ, ಸಂಜೆ ಇಷ್ಟು ಗಂಟೆ ಆದಮೇಲೆ ಲಿಫ್ಟ್ ಕೊಡುವುದಿಲ್ಲ, ಗೇಟ್ ಪಾಸ್ ಇಲ್ಲದೆ ಸೆಕ್ಯುರಿಟಿಯವರು ಗಾಡಿ ಒಳಗೆ ಬಿಡುವುದಿಲ್ಲ. ಬಿಡುವ ಮನೆ, ಸೇರುವ ಮನೆ ಎರಡೂ ಕಡೆ ಕೇಳಿಡಬೇಕು. ಒಂದು ಕಡೆ ಮಾತ್ರ ಕೇಳಿ ಇನ್ನೊಂದು ಕಡೆ ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ಕೂರುವುದು ಬಹಳ ಸಾಮಾನ್ಯ.

ಕೊನೆಯದು, ನಮ್ಮ ಕಡೆ ಬರುವ ಮಾತು: ಹಾಲು ಉಕ್ಕಿಸುವ ಸಮಯ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಅದು ಶುರುವಾಗುವ ಮೊದಲೇ ಹೊಸ ಮನೆ ಹೊಕ್ಕು ಹಾಲು ಉಕ್ಕಿಸಬೇಕು ಅಂತ ಅಜ್ಜಿ ಹೇಳಿರುತ್ತಾರೆ, ನಿಮಗೆ ಗೊತ್ತಾಗುವುದು ಲೋಡಿಂಗ್ ಅರ್ಧ ಆದಮೇಲೆ. ದೇವರ ಫೋಟೋ, ಒಲೆ, ಹಾಲಿನ ಪಾತ್ರೆ ಅಷ್ಟರಲ್ಲಿ ಗಾಡಿಯ ಒಳ ಮೂಲೆ ಸೇರಿರುತ್ತವೆ. "ಮುಹೂರ್ತ ಇದ್ದರೆ ಬುಕ್ ಮಾಡುವಾಗಲೇ ಹೇಳಿ, ಪೂಜೆ ಸಾಮಾನು ಬೇರೆ ಇಡಿ" ಅಂತ ಬರೆಯಿರಿ.

ಹಂತ 4: ಬುಕಿಂಗ್ ನಂಬರ್ ಮತ್ತು ಲಿಂಕ್

ಅಣ್ಣನದೊಂದು, ತಮ್ಮನದೊಂದು, ಆಫೀಸಿನದೊಂದು ಅಂತ ಮೂರು ನಂಬರ್ ಹಾಕುತ್ತಾರೆ. ಗಿರಾಕಿ ಮೂವರಿಗೂ ಫೋನ್ ಮಾಡುತ್ತಾರೆ, ಮೂರು ರೇಟ್ ಕೇಳುತ್ತಾರೆ. ಒಂದೇ ದಿನಕ್ಕೆ ಎರಡು ಮನೆ ಒಪ್ಪಿಕೊಳ್ಳುವ ಎಡವಟ್ಟೂ ಆಗುತ್ತದೆ. ಅದಕ್ಕೇ ಒಂದೇ ನಂಬರ್ ಅಂದದ್ದು. ಕರೆ ತೆಗೆಯುವ ಸಮಯವನ್ನೂ ಪಕ್ಕದಲ್ಲೇ ಬರೆಯಿರಿ.

ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ನಿನಲ್ಲಿ ಲಿಂಕ್ ಹಾಕಿದರೆ ಮುಟ್ಟಿದಾಗ ತೆರೆಯುವುದಿಲ್ಲ, ಬರೀ ಅಕ್ಷರ. ಯೂಟ್ಯೂಬ್ ಶಾರ್ಟ್ಸ್‌ನಲ್ಲೂ 2023ರ ಆಗಸ್ಟ್ 31ರಿಂದ ಡಿಸ್ಕ್ರಿಪ್ಷನ್ ಮತ್ತು ಕಾಮೆಂಟಿನ ಲಿಂಕ್ ತೆರೆಯುವುದಿಲ್ಲ. ಹಾಗಾಗಿ ಇವೆರಡರಲ್ಲಿ ನಂಬರನ್ನೇ ಬಿಡಿಸಿ ಬರೆಯಿರಿ, ವಿಡಿಯೋದ ಕೊನೆಯಲ್ಲಿ ನಾಲ್ಕೈದು ಸೆಕೆಂಡ್ ದೊಡ್ಡದಾಗಿ ತೋರಿಸಿ, ಲಿಂಕನ್ನು ಪ್ರೊಫೈಲ್ ಬಯೋದಲ್ಲಿ ಇಡಿ. ಯೂಟ್ಯೂಬಿನ ಉದ್ದ ವಿಡಿಯೋ ಮತ್ತು ಫೇಸ್‌ಬುಕ್ಕಿನಲ್ಲಿ ವಾಟ್ಸಾಪ್ ಲಿಂಕ್ ಉಪಯೋಗಕ್ಕೆ ಬರುತ್ತದೆ. ಅದು ಹೀಗಿರಬೇಕು:

```
https://wa.me/91XXXXXXXXXX?text=Shifting
```

ಎಕ್ಸ್ ಇರುವ ಜಾಗದಲ್ಲಿ ನಿಮ್ಮ ಹತ್ತಂಕಿಯ ನಂಬರ್. ಮುಂದೆ ಪ್ಲಸ್ ಗುರುತು, ಸೊನ್ನೆ, ನಡುವೆ ಖಾಲಿ ಜಾಗ ಯಾವುದೂ ಇರಬಾರದು, ಇದ್ದರೆ ಲಿಂಕ್ ಕೆಲಸ ಮಾಡದೆ ಹೋಗಬಹುದು. ಕೊನೆಯ ಪದ ಗಿರಾಕಿಯ ಮೆಸೇಜ್ ಪೆಟ್ಟಿಗೆಯಲ್ಲಿ ತಾನಾಗಿ ಬಂದಿರುತ್ತದೆ, ಅವರು ಕಳಿಸಿದರೆ ಸಾಕು. ಯಾವ ಕರೆ ವಿಡಿಯೋ ನೋಡಿ ಬಂದದ್ದು ಅಂತ ನಿಮಗೂ ತಿಳಿಯುತ್ತದೆ. ಹಾಕಿದ ಮೇಲೆ ಬೇರೆಯವರ ಫೋನಿನಿಂದ ಒಮ್ಮೆ ಒತ್ತಿ ನೋಡಿ.

ನಂಬರ್ ಕೆಳಗೆ ಏನು ಕಳಿಸಬೇಕು ಅಂತ ಐದು ವಿಷಯ ಬರೆಯಿರಿ: ಎಲ್ಲಿಂದ ಎಲ್ಲಿಗೆ, ಎರಡೂ ಕಡೆ ಎಷ್ಟನೇ ಮಹಡಿ ಮತ್ತು ಲಿಫ್ಟ್ ಇದೆಯಾ, ದಿನಾಂಕ, ಮನೆಯೊಳಗಿನ ಸಾಮಾನಿನ ವಿಡಿಯೋ, ಗಾಡಿ ಬಾಗಿಲವರೆಗೆ ಬರುತ್ತದಾ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಕಿರಿದಾದ ಗಲ್ಲಿಯಾಗಿ 407 ನೂರು ಮೀಟರ್ ದೂರ ನಿಂತರೆ ಐದು ಜನರ ಕೆಲಸ ಎರಡು ಗಂಟೆ ಜಾಸ್ತಿ ಹಿಡಿಯುತ್ತದೆ. ಆಮೇಲೆ ಹೆಚ್ಚು ದುಡ್ಡು ಕೇಳಿದರೆ ಗಿರಾಕಿಗೆ ಮೋಸ ಅನ್ನಿಸುತ್ತದೆ.

ಹಂತ 5: ನಂಬಿಕೆಗೆ ಏನು ಬರೆಯಬೇಕು, ಏನು ಬರೆಯಬಾರದು

ಸಾಮಾನು ಹತ್ತಿಸಿಕೊಂಡು ದಾರಿಯಲ್ಲಿ ಹೆಚ್ಚು ದುಡ್ಡು ಕೇಳುವವರ ಕಥೆಯನ್ನು ಜನ ಕೇಳಿದ್ದಾರೆ. ಹಾಗಾಗಿ "ನಂಬಿಕಸ್ಥ ಸೇವೆ" ಅಂತ ಬರೆದರೆ ಯಾರೂ ನಂಬುವುದಿಲ್ಲ. ಪರೀಕ್ಷಿಸಬಹುದಾದದ್ದನ್ನು ಕೊಡಿ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. gst.gov.in ತಾಣದಲ್ಲಿ ಅದನ್ನು ಹಾಕಿದರೆ ಯಾವ ಹೆಸರಿನಲ್ಲಿದೆ ಅಂತ ಯಾರಿಗಾದರೂ ಕಾಣುತ್ತದೆ. ನಿಮ್ಮ ಬೋರ್ಡಿನ ಹೆಸರು, ಜಿಎಸ್‌ಟಿಯ ಹೆಸರು, ದುಡ್ಡು ಹೋಗುವ ಖಾತೆಯ ಹೆಸರು ಮೂರೂ ಹೊಂದಿದರೆ ಅದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ. ನೋಂದಣಿ ಇಲ್ಲದಿದ್ದರೆ ಸುಮ್ನಿರಿ, ಬೇರೆಯವರ ನಂಬರ್ ಹಾಕುವ ಕೆಲಸಕ್ಕೆ ಹೋಗಬೇಡಿ.

"ಇನ್ಶೂರೆನ್ಸ್ ಫ್ರೀ" ಅನ್ನುವ ಮಾತಿನ ಬಗ್ಗೆ ಎಚ್ಚರ. ಇನ್ಶೂರೆನ್ಸ್ ಅಂದರೆ ವಿಮಾ ಕಂಪನಿ ಕೊಟ್ಟ ಪಾಲಿಸಿ ಕಾಗದ ಇರಬೇಕು. ಒಡೆದರೆ ನಾವೇ ಏನಾದರೂ ಕೊಡುತ್ತೇವೆ ಅನ್ನುವುದು ನಿಮ್ಮ ಮಾತು, ಇನ್ಶೂರೆನ್ಸ್ ಅಲ್ಲ. ಎಷ್ಟರವರೆಗೆ ಕೊಡುತ್ತೀರಿ ಅಂತ ಬಿಲ್ಲಿನಲ್ಲಿ ಬರೆಯುವುದಾದರೆ ಅದನ್ನೇ ಹೇಳಿ. "1,999ಕ್ಕೆ ಮನೆ ಶಿಫ್ಟಿಂಗ್" ಅನ್ನುವ ದರವೂ ಬೇಡ. ಆ ರೇಟಿಗೆ ಬಂದ ಗಿರಾಕಿಗೆ ನೀವು ನಿಜವಾದ ರೇಟ್ ಹೇಳಿದ ಕೂಡಲೇ ಕಾಮೆಂಟಿನಲ್ಲಿ ಬೈಗುಳ ಬೀಳುತ್ತದೆ.

ಹಂತ 6: ಎಲ್ಲ ಸೇರಿಸಿದಾಗ

ನಮ್ಮ ಮಾಲೀಕರಿಗೆ ಬರೆದುಕೊಟ್ಟದ್ದು ಹೀಗಿದೆ. ಹೆಸರು, ನಂಬರ್ ಜಾಗ ಖಾಲಿ ಬಿಟ್ಟಿದ್ದೇನೆ.

> ರಾಜಾಜಿನಗರ, ವಿಜಯನಗರ ಸುತ್ತ ಮನೆ ಶಿಫ್ಟ್ ಮಾಡ್ತಿದ್ದೀರಾ?
> ಸಾಮಾನಿನ ವಿಡಿಯೋ ವಾಟ್ಸಾಪ್ ಮಾಡಿ, ರೇಟ್ ಹೇಳ್ತೀವಿ.
>
> ಗಾಡಿ ಬರುವ ಮುಂಚೆ:
> ಫ್ರಿಜ್ ಹಿಂದಿನ ದಿನ ಖಾಲಿ ಮಾಡಿ ಆಫ್ ಮಾಡಿ
> ವಾಷಿಂಗ್ ಮಷೀನ್ ಬೋಲ್ಟ್ ಹುಡುಕಿಡಿ
> ಎಸಿಯನ್ನು ನಿಮ್ಮ ಮೆಕ್ಯಾನಿಕ್ ಕೈಲಿ ಬಿಚ್ಚಿಸಿಡಿ
> ಸಿಲಿಂಡರ್ ನಾವು ಹಾಕಲ್ಲ
> ಚಿನ್ನ, ದುಡ್ಡು, ಪತ್ರ, ಲ್ಯಾಪ್‌ಟಾಪ್ ನಿಮ್ಮ ಕೈಯಲ್ಲೇ ಇರಲಿ
> ಎರಡೂ ಅಪಾರ್ಟ್‌ಮೆಂಟಿನಲ್ಲಿ ಗೇಟ್ ಪಾಸ್, ಲಿಫ್ಟ್ ಸಮಯ ಕೇಳಿಡಿ
> ಮುಹೂರ್ತ ಇದ್ದರೆ ಬುಕ್ ಮಾಡುವಾಗಲೇ ಹೇಳಿ
>
> ಲೋಕಲ್: ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ನಾಗರಭಾವಿ, ಮಲ್ಲೇಶ್ವರ, ಯಶವಂತಪುರ, ಕೆಂಗೇರಿ
> ನಮ್ಮದೇ ಗಾಡಿ: ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ. ಅಲ್ಲಿಂದ ಬೆಂಗಳೂರಿಗೆ ಬರುವವರೂ ಕೇಳಿ
> ಪಾರ್ಟ್ ಲೋಡ್ ಮಾತ್ರ: ಪುಣೆ, ಮುಂಬೈ, ಹೈದರಾಬಾದ್
>
> ಬುಕಿಂಗ್: (ನಂಬರ್), ಬೆಳಗ್ಗೆ 8ರಿಂದ ರಾತ್ರಿ 8
> ಕಳಿಸಿ: ಎಲ್ಲಿಂದ ಎಲ್ಲಿಗೆ, ಮಹಡಿ ಮತ್ತು ಲಿಫ್ಟ್, ದಿನಾಂಕ, ಸಾಮಾನಿನ ವಿಡಿಯೋ, ಗಾಡಿ ನಿಲ್ಲುವ ಜಾಗ
> ಮುಂಗಡ (ಸಂಸ್ಥೆಯ ಹೆಸರು) ಖಾತೆಗೆ ಮಾತ್ರ. ಜಿಎಸ್‌ಟಿ: 29…

ಹ್ಯಾಶ್‌ಟ್ಯಾಗ್ ಮೂರ್ನಾಲ್ಕು ಸಾಕು, ಅದರಲ್ಲಿ ಒಂದು ಕನ್ನಡದಲ್ಲಿ, ಒಂದು ಊರಿನ ಇಂಗ್ಲಿಷ್ ಹೆಸರಿನಲ್ಲಿ. ಕನ್ನಡ ಓದುವವರೂ ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ ಅಲ್ವಾ.

ಹಂತ 7: ಹಾಕಿದ ಮೇಲೆ

ವಿಡಿಯೋ ಓಡಲು ಶುರುವಾದರೆ ಕಾಮೆಂಟಿನಲ್ಲಿ ಬೇರೆ ಯಾರೋ ತಮ್ಮ ನಂಬರ್ ಹಾಕುತ್ತಾರೆ. "ಬುಕಿಂಗ್‌ಗೆ ಇಲ್ಲಿ ಕರೆ ಮಾಡಿ" ಅಂತ ನಿಮ್ಮವರೇ ಅನ್ನುವ ಹಾಗೆ. ಗಿರಾಕಿ ಅಲ್ಲಿಗೆ ಮುಂಗಡ ಕಳಿಸಿದರೆ ಕೆಟ್ಟ ಹೆಸರು ನಿಮಗೆ. ನಿಮ್ಮ ನಂಬರ್ ಇರುವ ಕಾಮೆಂಟನ್ನು ನೀವೇ ಬರೆದು ಪಿನ್ ಮಾಡಿ, ಅಂದರೆ ಎಲ್ಲಕ್ಕಿಂತ ಮೇಲೆ ನಿಲ್ಲುವಂತೆ ಮಾಡಿ. ಉಳಿದ ನಂಬರುಗಳನ್ನು ದಿನಾ ಅಳಿಸಿ.

ತಿಂಗಳ ಕೊನೆ ಮತ್ತು ಮೊದಲ ವಾರ ಗಾಡಿ ಸಿಗುವುದೇ ಕಷ್ಟ. ಏಪ್ರಿಲ್, ಮೇ ಶಾಲೆ ರಜೆಯಲ್ಲಂತೂ ಕೇಳಲೇಬೇಡಿ. ಆ ದಿನಗಳಲ್ಲಿ ಕ್ಯಾಪ್ಷನ್ನಿನ ಮೂರನೇ ಸಾಲಾಗಿ "30, 31, 1ನೇ ತಾರೀಕು ಬುಕ್ ಆಗಿದೆ" ಅಂತ ಸೇರಿಸಿ, ಕಳೆದ ಮೇಲೆ ತೆಗೆಯಿರಿ. ಇದಕ್ಕೆ ಹೊಸ ವಿಡಿಯೋ ಬೇಕಿಲ್ಲ, ಹಳೆಯದರ ಕ್ಯಾಪ್ಷನ್ನನ್ನೇ ತಿದ್ದಬಹುದು. ಆಷಾಢದಲ್ಲಿ ಹೊಸ ಮನೆ ಹೊಕ್ಕುವವರು ಕಡಿಮೆ. ಆಗ ಅದೇ ಸಾಲಿನಲ್ಲಿ ಆಫೀಸ್, ಅಂಗಡಿ ಶಿಫ್ಟಿಂಗ್ ಮಾಡುತ್ತೇವೆ ಅಂತ ಬರೆಯಿರಿ, ಗಾಡಿ ಶೆಡ್ಡಿನಲ್ಲಿ ನಿಲ್ಲುವುದು ತಪ್ಪುತ್ತದೆ.